ಮಳೆಯ ದಿನ: ಎರಡನೆಯ ತರಗತಿಗೊಂದು ಓದುಪಾಠ

ಎರಡನೆಯ ತರಗತಿಯ ಮಗುವು ಕಾಗುಣಿತವನ್ನು ದಾಟಿ ಒತ್ತಕ್ಷರದ ಹೊಸ್ತಿಲಲ್ಲಿ ನಿಂತಿರುತ್ತದೆ. ಅಕ್ಷರಗಳನ್ನು ಕೂಡಿಸುವುದರಲ್ಲಿಯೇ ಅದರ ಗಮನವೆಲ್ಲ ವ್ಯಯವಾದರೆ ಅರ್ಥಕ್ಕೆ ಏನೂ ಉಳಿಯದು. ಆದಕಾರಣ ಈ ಹಂತದ ಪಾಠದಲ್ಲಿ ಸಜಾತೀಯ ಒತ್ತಕ್ಷರಗಳಷ್ಟೇ ಇದ್ದು, ವಾಕ್ಯವು ಆರು ಪದಗಳನ್ನು ಮೀರದಿರುವುದು ಲೇಸು. ಅಂತಹ ನಲವತ್ತು ಪದಗಳ ಪಾಠವೊಂದನ್ನು ಇಲ್ಲಿ ಕೊಟ್ಟಿದೆ.

ಬೆಳಗಿನಿಂದ ಮಳೆ ಸುರಿಯುತ್ತಿತ್ತು. ಗೌರಿ ಮತ್ತು ಬಸವ ಶಾಲೆಗೆ ಹೊರಟರು. ಗೌರಿಯ ಬಳಿ ಕೊಡೆ ಇತ್ತು. ಬಸವನ ತಲೆಯ ಮೇಲೆ ಕಂಬಳಿ ಕೊಪ್ಪೆ ಇತ್ತು. ಜೋರಾಗಿ ಗಾಳಿ ಬೀಸಿತು. ಗೌರಿಯ ಕೊಡೆ ಮುರಿಯಿತು. ಬಸವ ಕೊಪ್ಪೆಯ ಅಂಚು ಎತ್ತಿದನು. ಗೌರಿ ಅದರ ಒಳಗೆ ಬಂದಳು. ಇಬ್ಬರೂ ಶಾಲೆಗೆ ಬಂದರು. ಗೌರಿ ನೆನೆದಿರಲಿಲ್ಲ. ಬಸವನ ತೋಳು ನೆನೆದಿತ್ತು.

ಪ್ರಶ್ನೆಗಳು:
1. ಗೌರಿಯ ಬಳಿ ಏನು ಇತ್ತು?
2. ಕೊಡೆ ಏಕೆ ಮುರಿಯಿತು?
3. ಗೌರಿ ಯಾವುದರ ಒಳಗೆ ಬಂದಳು?
4. ಬಸವನ ತೋಳು ಏಕೆ ನೆನೆಯಿತು?

ಈ ಪಾಠದಲ್ಲಿರುವ ಒತ್ತುಗಳು ತ್ತ, ಪ್ಪ, ಬ್ಬ, ಲ್ಲ ಎಂಬ ನಾಲ್ಕು ಬಗೆಯವು ಮಾತ್ರ. ಕೊಪ್ಪೆಯನ್ನು ಕಾಣದ ಪೇಟೆಯ ಮಕ್ಕಳಿಗೆ, ಓದುವ ಮೊದಲೇ ಕಂಬಳಿಯೊಂದನ್ನು ಮಡಚಿ ತಲೆಯ ಮೇಲೆ ಹಾಕಿ ತೋರಿಸಬೇಕು. ಮಗುವು ಗಟ್ಟಿಯಾಗಿ ಓದುವಾಗ ತಪ್ಪುಗಳು ಎರಡನ್ನು ಮೀರದಿದ್ದರೆ ಪಾಠವು ಅದಕ್ಕೆ ತಕ್ಕುದೆಂದು ತಿಳಿಯಬಹುದು. ನಾಲ್ಕನ್ನು ಮೀರಿದರೆ ಇನ್ನೂ ಸುಲಭವಾದುದನ್ನು ಕೊಡಬೇಕು.

ಪ್ರಶ್ನೆಗಳಿಗೂ ಮೆಟ್ಟಿಲುಗಳುಂಟು. ಮೊದಲನೆಯದರ ಉತ್ತರ ಒಂದೇ ವಾಕ್ಯದಲ್ಲಿದೆ. ಎರಡನೆಯದಕ್ಕೆ ಗಾಳಿಯ ವಾಕ್ಯವನ್ನೂ ಕೊಡೆಯ ವಾಕ್ಯವನ್ನೂ ಜೋಡಿಸಬೇಕು. ಮೂರನೆಯದು 'ಅದರ' ಎಂಬ ಸರ್ವನಾಮವು ಯಾವುದನ್ನು ಸೂಚಿಸುವುದೆಂದು ಕೇಳುತ್ತದೆ. ನಾಲ್ಕನೆಯದರ ಉತ್ತರವು ಪಾಠದಲ್ಲಿ ಎಲ್ಲಿಯೂ ಬರೆದಿಲ್ಲ. ಒಬ್ಬನ ಕೊಪ್ಪೆಯಲ್ಲಿ ಇಬ್ಬರು ಸೇರಿದಾಗ, ಜಾಗ ಬಿಟ್ಟುಕೊಟ್ಟವನ ತೋಳು ಹೊರಗುಳಿಯಿತೆಂಬುದನ್ನು ಮಗುವೇ ಊಹಿಸಬೇಕು.

"ಮಳೆ ಬಂದರೆ ಏನನ್ನು ಹಿಡಿಯುತ್ತೇವೆ?" ಎಂಬಂತಹ ಪ್ರಶ್ನೆ ಇಲ್ಲಿ ಸಲ್ಲದು. ಪಾಠವನ್ನು ಓದದ ಮಗುವೂ "ಕೊಡೆ" ಎಂದು ಹೇಳಿಬಿಡುತ್ತದೆ. ಪ್ರಶ್ನೆಯನ್ನು ಪರೀಕ್ಷಿಸುವ ಬಗೆಯೂ ಇದೇ: ಓದದವನನ್ನು ಮೊದಲು ಕೇಳಿ ನೋಡಿ, ಅವನು ಸರಿಯುತ್ತರ ಕೊಟ್ಟರೆ ಆ ಪ್ರಶ್ನೆಯನ್ನು ಕೈಬಿಡಬೇಕು.

ನಾಲ್ಕನೆಯ ಪ್ರಶ್ನೆಗೆ "ಮಳೆ ಬಂದಿತು, ಅದಕ್ಕೆ" ಎಂದು ಹೇಳುವ ಮಕ್ಕಳುಂಟು. ಅದು ಸುಳ್ಳಲ್ಲ, ಆದರೆ ಅರ್ಧ ಉತ್ತರ. "ಹಾಗಾದರೆ ಗೌರಿ ಏಕೆ ನೆನೆಯಲಿಲ್ಲ?" ಎಂದು ಮರಳಿ ಕೇಳಬೇಕು. ಆಗಲೂ ಹೊಳೆಯದಿದ್ದರೆ ಉತ್ತರವನ್ನು ಹೇಳಿಕೊಡದೆ, ಇಬ್ಬರು ಮಕ್ಕಳನ್ನು ಒಂದೇ ಕಂಬಳಿಯೊಳಗೆ ನಿಲ್ಲಿಸಿದರೆ ಸಾಕು. ಹೊರಗುಳಿದ ತೋಳನ್ನು ಅವರೇ ತೋರಿಸುತ್ತಾರೆ. ಬಳಿಕ ಕೊನೆಯ ಐದು ವಾಕ್ಯಗಳನ್ನು ಮತ್ತೊಮ್ಮೆ ಓದಿಸಬೇಕು.