ವಾಯ್ಸ್ ಮೆಸೇಜ್ ಓದಿ ಔಷಧಿ ಬೆರೆಸ್ತೀರಾ? ಮೊದಲು ಇದನ್ನು ನೋಡಿ

ಹಣಕೋಣದ ಒಂದು ಅಡಿಕೆ ತೋಟ ಅಂದುಕೊಳ್ಳಿ. ಪಕ್ಕದಲ್ಲೇ ಪಂಪ್ ಓಡ್ತಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೇಗೆ ಮಾಡೋದು ಅಂತ ಮಾವ ವಾಯ್ಸ್ ಮೆಸೇಜ್ ಕಳಿಸಿದ್ದಾರೆ, ಆದರೆ ಏನೂ ಕೇಳಿಸ್ತಿಲ್ಲ. ಆಗ ಅದನ್ನು ಅಕ್ಷರದಲ್ಲಿ ಓದಬಹುದು.

ವಾಟ್ಸಾಪ್ ಈ ಸೌಲಭ್ಯವನ್ನು 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. Settings → Chats → Voice message transcripts ಆನ್ ಮಾಡಿ, ಭಾಷೆ ಆರಿಸಿ. ನಂತರ ಮೆಸೇಜ್ ಒತ್ತಿ ಹಿಡಿದು Transcribe ಒತ್ತಿ. ಶುರುವಿನಲ್ಲಿ ಆಂಡ್ರಾಯ್ಡ್ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಿಮ್ಮ ಫೋನಿನ ಪಟ್ಟಿಯಲ್ಲೂ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಇನ್ನೊಂದು ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ Live Transcribe ತೆರೆದು, ಕನ್ನಡ ಆರಿಸಿ, ಮೆಸೇಜನ್ನು ಅದರ ಮೈಕ್ ಹತ್ತಿರ ಪ್ಲೇ ಮಾಡಿ. ಅದು ಮೈಕ್‌ನಿಂದಲೇ ಕೇಳಿಸಿಕೊಳ್ಳೋದರಿಂದ ಪಂಪಿನ ಸದ್ದಿನಲ್ಲಿ ಆಗೋದಿಲ್ಲ, ಸ್ವಲ್ಪ ದೂರ ಹೋಗಬೇಕು. ಕಿವಿ ಮಂದ ಇರುವ ಮನೆಯ ಹಿರಿಯರಿಗೂ ಇದು ಅನುಕೂಲ.

ಈಗ ಮುಖ್ಯ ವಿಷಯ. ಮಾವ ಹೇಳಿದ್ದು ಹೀಗಿರಲಿ: "ಮೈಲುತುತ್ತ ಒಂದ್ ಕಿಲೋ, ಸುಣ್ಣ ಒಂದ್ ಕಿಲೋ, ನೂರ್ ಲೀಟರ್ ನೀರು. ಮಳೆ ಬರ್ತಿದ್ರೆ ಹೊಡಿಬೇಡ." ಪರದೆ ಮೇಲೆ "ಸುಣ್ಣ" ಹೋಗಿ "ಸಣ್ಣ" ಆಗಿ, "ಹೊಡಿಬೇಡ" ಹೋಗಿ "ಹೊಡಿಬೇಕು" ಆಗಿ ಬೀಳಬಹುದು. "ಸಣ್ಣ ಒಂದು ಕಿಲೋ" ಅಂತ ಓದಿದ ಕೂಡಲೇ ತಪ್ಪು ಗೊತ್ತಾಗುತ್ತದೆ. "ಹೊಡಿಬೇಕು" ಓದಿದರೆ ಗೊತ್ತಾಗೋದಿಲ್ಲ, ಯಾಕೆಂದರೆ ವಾಕ್ಯ ಸರಿಯಾಗಿಯೇ ಕಾಣುತ್ತದೆ. ಅರ್ಥ ಕೆಟ್ಟ ತಪ್ಪಿಗಿಂತ ಅರ್ಥ ಕೂಡುವ ತಪ್ಪೇ ಅಪಾಯ.

ನಮ್ಮ ಕಡೆ ಇನ್ನೊಂದು ತೊಡಕಿದೆ: ಮಾತಿನಲ್ಲಿ ಕೊಂಕಣಿ ಬೆರೆತಿರುತ್ತದೆ. ಭಾಷೆ ಕನ್ನಡ ಅಂತ ಇಟ್ಟರೆ, ಬೇಡ ಅನ್ನೋ ಅರ್ಥದ "ನಾಕಾ" ಪದವನ್ನು ಯಂತ್ರ "ನಾಕು" ಅಂತ ಬರೆದುಬಿಡಬಹುದು. ಬೇಡ ಅಂದಿದ್ದು ನಾಲ್ಕು ಆಗಿಹೋಯಿತು!

ಹಾಗಾಗಿ ಮೂರು ಕಡೆ ಕಣ್ಣಿಡಿ: ಅಂಕಿ, ಔಷಧಿಯ ಹೆಸರು, ಬೇಕು-ಬೇಡ. ಅಂಕಿಯನ್ನು ಲೆಕ್ಕ ಹಾಕಿ ನೋಡಿ. ಶೇ. 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ. ಬರಹದಲ್ಲಿ "ಹತ್ತು ಲೀಟರ್" ಅಂತಿದ್ದರೆ ಅದು ಹತ್ತು ಪಟ್ಟು ಗಟ್ಟಿ, ನಂಬಬೇಡಿ. ಸುಣ್ಣದ ಪ್ರಮಾಣದ ಬಗ್ಗೆ ಅನುಮಾನ ಇದ್ದರೆ ತಯಾರಾದ ದ್ರಾವಣದಲ್ಲಿ ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಿ.

ಆದರೆ ಬೇಕೋ ಬೇಡವೋ ಅನ್ನೋದನ್ನು ಕತ್ತಿ ಹೇಳೋದಿಲ್ಲ. ಅದಕ್ಕೆ ಮಾವನಿಗೇ ಒಂದು ಸಾಲು ಟೈಪ್ ಮಾಡಿ: "ಮಳೆ ಇದ್ದರೆ ಹೊಡಿಬಾರದು ಅಂತ ತಾನೇ ಹೇಳಿದ್ದು?" ಉತ್ತರ ಬರೋವರೆಗೆ ಪೌಡರ್ ಚೀಲ ಬಿಚ್ಚಬೇಡಿ. ಸಂಜೆ ಪಂಪ್ ನಿಂತ ಮೇಲೆ ಮೆಸೇಜನ್ನು ಒಮ್ಮೆ ಕಿವಿಯಾರೆ ಕೇಳಿ.