ಮೊದಲ ಐದು ಸೆಕೆಂಡು

ಚಿತ್ರಮಂದಿರದಲ್ಲಿ ಕುಳಿತವನು ಹಣ ತೆತ್ತು ಬಂದವನು; ಆರಂಭವು ನೀರಸವಾಗಿದ್ದರೂ ಸ್ವಲ್ಪ ಹೊತ್ತು ಕಾದಿರುತ್ತಾನೆ. ಮೊಬೈಲನ್ನು ನೆಟ್ಟಗೆ ಹಿಡಿದು ಕಿರು ವಿಡಿಯೊ ನೋಡುವವನಿಗೆ ಆ ಬಂಧನವಿಲ್ಲ. ಹೆಬ್ಬೆರಳನ್ನು ಒಮ್ಮೆ ಸರಿಸಿದರೆ ಸಾಕು, ಬೇರೊಂದು ಚಿತ್ರವು ಬರುವುದು. ಆದುದರಿಂದ ಮೊದಲ ೫ ಸೆಕೆಂಡುಗಳಲ್ಲಿ ಏನನ್ನು, ಯಾವ ಕ್ರಮದಲ್ಲಿ ಇಡಬೇಕೆಂಬುದು ವಿಚಾರಿಸತಕ್ಕ ವಿಷಯ.

ನಿಮಗೆಲ್ಲ ಪರಿಚಿತವಾದ ಪ್ರಯೋಗವೊಂದನ್ನೇ ತೆಗೆದುಕೊಳ್ಳೋಣ. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಮೂರು ಮೇಣದ ಬತ್ತಿಗಳು. ಅವುಗಳ ಮೇಲೆ ಗಾಜಿನ ಜಾಡಿಯನ್ನು ಕವುಚಿದರೆ ಉರಿ ಆರಿ, ನೀರು ಒಳಗೆ ಏರುತ್ತದೆ. ಇದನ್ನು ಪಾಠದ ಕ್ರಮದಲ್ಲಿಯೇ ತೋರಿಸಿದರೆ, ನಮಸ್ಕಾರ, ಹೆಸರು, ಸಾಮಗ್ರಿಗಳ ಪಟ್ಟಿ, ಇವುಗಳಲ್ಲಿಯೇ ೫ ಸೆಕೆಂಡು ಮುಗಿದುಹೋಗುವುದು. ನೋಡುವವನಿಗೆ ಕಾಯಲು ಕಾರಣವೇ ದೊರೆಯದು.

ಕ್ರಮವನ್ನು ಹೀಗೆ ಬದಲಿಸಿರಿ. ಮೊದಲ ಸೆಕೆಂಡಿನಲ್ಲಿ ಜಾಡಿಯೊಂದೇ ಚೌಕಟ್ಟನ್ನು ತುಂಬಿರಲಿ. ಉರಿ ಆರಿ ನೀರು ನುಗ್ಗಲಾರಂಭಿಸುವ ಕ್ಷಣವೇ ಕಾಣಲಿ. ಎರಡನೆಯ ಮತ್ತು ಮೂರನೆಯ ಸೆಕೆಂಡುಗಳಲ್ಲಿ ನೀರು ಏರುತ್ತಿರುವಾಗಲೇ ಪ್ರಶ್ನೆ ಕೇಳಿಬರಲಿ: “ಉರಿ ಆರಿದ ಮೇಲೆ ನೀರು ಏರಿದ್ದೇಕೆ?” ಕೊನೆಯ ಎರಡು ಸೆಕೆಂಡುಗಳಲ್ಲಿ ಹಿಂದಕ್ಕೆ ಹೋಗಿ, ಜಾಡಿಯನ್ನು ಇಳಿಸುವಾಗ ಅದರ ಅಂಚಿನಿಂದ ಹೊರಬೀಳುವ ಗುಳ್ಳೆಗಳನ್ನು ತೋರಿಸಿರಿ. ಇದು ಉತ್ತರವಲ್ಲ, ಉತ್ತರದ ಸುಳಿವು. ಬಿಸಿಯಿಂದ ಹಿಗ್ಗಿದ ಗಾಳಿಯಲ್ಲಿ ಕೊಂಚ ಭಾಗ ಹೊರಹೋಯಿತು. ಉಳಿದುದು ತಣಿದು ಕುಗ್ಗಿದಾಗ ಹೊರಗಿನ ವಾಯುಭಾರವು ನೀರನ್ನು ಒಳಕ್ಕೆ ತಳ್ಳಿತು ಎಂಬ ವಿವರಣೆ ಮುಂದೆ ಬರಲಿ. ಆಮ್ಲಜನಕವು ಉರಿದುಹೋದುದೇ ಕಾರಣವೆಂದು ನಂಬಿದವನಂತೂ ಅದಕ್ಕಾಗಿ ಕಾದೇ ಕಾಯುವನು.

ಅನೇಕರು ಧ್ವನಿಯನ್ನು ಅಡಗಿಸಿಯೇ ನೋಡುವುದರಿಂದ ಪ್ರಶ್ನೆಯು ಅಕ್ಷರಗಳಲ್ಲಿಯೂ ಇರಬೇಕು. ಅದನ್ನು ಕೆಳ ಅಂಚಿನಲ್ಲಾಗಲಿ ಬಲ ಅಂಚಿನಲ್ಲಾಗಲಿ ಬರೆಯಬಾರದು. ಅಲ್ಲಿ ಗುಂಡಿಗಳೂ ಶೀರ್ಷಿಕೆಯೂ ಅದನ್ನು ಮರೆಮಾಡುತ್ತವೆ. ನಡುವಿಗಿಂತ ತುಸು ಮೇಲಿನ ಸ್ಥಳವೇ ಲೇಸು.

ತಪ್ಪು ಎಲ್ಲಿದೆಯೆಂದು ತಿಳಿಯುವ ಬಗೆ ಹೇಗೆ? ಯಾವ ಸೆಕೆಂಡಿನಲ್ಲಿ ಎಷ್ಟು ಮಂದಿ ಉಳಿದರೆಂಬ ರೇಖಾಚಿತ್ರವು ವಿಡಿಯೊ ಪ್ರಕಟಿಸಿದವನಿಗೆ ದೊರೆಯುತ್ತದೆ. ಗೆರೆಯು ಮೊದಲ ಸೆಕೆಂಡಿನಲ್ಲೇ ಕುಸಿದರೆ ಮೊದಲ ದೃಶ್ಯವನ್ನು ಬದಲಿಸಿರಿ. ಮೂರನೆಯದರಲ್ಲಿ ಕುಸಿದರೆ ಪ್ರಶ್ನೆಯು ಉದ್ದವೋ ಅಸ್ಪಷ್ಟವೋ ಆಗಿರಬಹುದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿದರೆ ಕಾರಣವನ್ನು ಊಹಿಸುವುದು ಸುಲಭ.

ಆದರೆ ಈ ಉಪಾಯಕ್ಕೆ ಒಂದು ಮಿತಿಯುಂಟು. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಮುಂದೆ ಉತ್ತರ ಬಾರದಿದ್ದರೆ ಗೆರೆಯು ೫ ಸೆಕೆಂಡು ನೆಟ್ಟಗಿದ್ದು, ಆಮೇಲೆ ಬಿದ್ದುಹೋಗುವುದು. ಮೊದಲ ಐದು ಸೆಕೆಂಡುಗಳು ಪಡೆದ ಸಾಲವನ್ನು ಉಳಿದ ಸೆಕೆಂಡುಗಳು ತೀರಿಸಲೇಬೇಕು.