ಎಸ್ಟಿಮೇಟ್ ಚೀಟಿ ಬಿಡಿಸಿ ಬರೆಸಿಕೊಳ್ಳಿ

ಆಲೂರು, ಹೊಳಗುಂದ ಕಡೆಯಿಂದ ಆದೋನಿಯ ಗ್ಯಾರೇಜಿಗೆ ಬೈಕ್ ತರುವವರೇ, ‘ಕ್ಲಚ್ ಕೆಲಸ, ಒಟ್ಟು 2,400’ ಎಂದ ಕೂಡಲೇ ತಲೆಯಾಡಿಸಬೇಡಿ. ಸಾಮಾನಿಗೆಷ್ಟು, ಮಜೂರಿಗೆಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳಿ.

ಚೀಟಿ ಹೀಗಿದೆ ಅನ್ನಿ: ಪ್ಲೇಟ್ ಸೆಟ್ 1,200, ಗ್ಯಾಸ್ಕೆಟ್ 100, ಆಯಿಲ್ 400, ಮಜೂರಿ 500, ಆಯಿಲ್ ಬದಲಿಸಿದ್ದಕ್ಕೆ 200. ಆ ಕೊನೆಯ 200 ಯಾಕೆಂದು ಕೇಳಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಕವರ್ ಬಿಚ್ಚಬೇಕಾದರೆ ಮೊದಲು ಆಯಿಲ್ ಇಳಿಸುತ್ತಾರೆ. ಆ ಶ್ರಮ 500ರಲ್ಲೇ ಸೇರಿರಬೇಕು. ಗ್ಯಾಸ್ಕೆಟ್‌ಗೆ ಮಾತ್ರ ಚೌಕಾಸಿ ಬೇಡ, ಹಳೆಯದನ್ನೇ ಕೂರಿಸಿದರೆ ಆಯಿಲ್ ಜಿನುಗುತ್ತದೆ.

ಇನ್ನು ಪ್ಲೇಟು ಕಂಪನಿಯದೋ, ಬೇರೆ ಬ್ರ್ಯಾಂಡಿನದೋ? ಡಬ್ಬಿ ಒಡೆಯುವ ಮುನ್ನ ಪಾರ್ಟ್ ನಂಬರು, ಎಂಆರ್‌ಪಿ ನೋಡಿ. ಬೇರೆ ಬ್ರ್ಯಾಂಡಿನದೆಲ್ಲ ಕೆಟ್ಟದ್ದೇನಲ್ಲ, ಒಳ್ಳೆಯವೂ ಇವೆ. ಆದರೆ ಅದಕ್ಕೆ ಕಂಪನಿ ಸಾಮಾನಿನ ಬೆಲೆ ತೆರಬೇಡಿ. ಬಿಚ್ಚಿದ ಹಳೇ ಪ್ಲೇಟುಗಳನ್ನೂ ಕೇಳಿ ಪಡೆಯಿರಿ.